ಸತ್ತದ್ದು ಫ್ಯುಯೆಲ್ ಸೆಲ್, ಉಳಿಸಿದ್ದು ಬ್ಯಾಟರಿ

1970ರ ಏಪ್ರಿಲ್ 13ರ ರಾತ್ರಿ, ಭೂಮಿಯಿಂದ ಮೂರು ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಅಪೊಲೊ 13 ನೌಕೆಯ ಆಮ್ಲಜನಕದ ಎರಡು ಟ್ಯಾಂಕ್‌ಗಳಲ್ಲಿ ಒಂದು ಸ್ಫೋಟಿಸಿತು. ಉಳಿದ ಟ್ಯಾಂಕೂ ಸೋರತೊಡಗಿತು. ನೌಕೆಗೆ ವಿದ್ಯುತ್ ಕೊಡುತ್ತಿದ್ದದ್ದು ಮೂರು ಫ್ಯುಯೆಲ್ ಸೆಲ್‌ಗಳು. ಕೆಲವೇ ನಿಮಿಷಗಳಲ್ಲಿ ಅವುಗಳಲ್ಲಿ ಎರಡು ನಿಂತುಹೋದವು. ಸ್ಫೋಟದ ಆಘಾತಕ್ಕೆ ಅವುಗಳ ಆಮ್ಲಜನಕದ ವಾಲ್ವ್‌ಗಳು ಮುಚ್ಚಿಕೊಂಡಿದ್ದವು. ಮೂರನೆಯದು ಸೋರುತ್ತಿದ್ದ ಟ್ಯಾಂಕಿನ ಕೊನೆಯ ಉಸಿರಿನವರೆಗೆ, ಎಂದರೆ ಇನ್ನೆರಡು ಗಂಟೆಯಷ್ಟು ಹೊತ್ತು, ಓಡಿ ತಣ್ಣಗಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೈಡ್ರೋಜನ್ ಟ್ಯಾಂಕ್‌ಗಳಲ್ಲಿ ಬೇಕಾದಷ್ಟು ಹೈಡ್ರೋಜನ್ ಇತ್ತು. ಕೊನೆಯವರೆಗೆ ದುಡಿದ ಆ ಮೂರನೆಯ ಸೆಲ್ಲಿನ ಒಳಗೆ ಏನೂ ಸುಟ್ಟಿರಲಿಲ್ಲ, ಒಡೆದಿರಲಿಲ್ಲ, ಸವೆದಿರಲಿಲ್ಲ. ಹೊರಗಿನಿಂದ ಬರಬೇಕಾದ ಆಮ್ಲಜನಕ ಬರಲಿಲ್ಲ, ಅಷ್ಟೆ. ಬ್ಯಾಟರಿ ಹೀಗೆ ಸಾಯುವುದಿಲ್ಲ. ಬ್ಯಾಟರಿ ಖಾಲಿಯಾಯಿತು ಎಂದರೆ ಅದರೊಳಗಿನ ವಸ್ತುವೇ ಬದಲಾಗಿ ಹೋಗಿದೆ ಎಂದರ್ಥ. ಫ್ಯುಯೆಲ್ ಸೆಲ್ ಗ್ಯಾಸ್ ಒಲೆಯ ಹಾಗೆ: ಉರಿ ಬೇಕಾದರೆ ಸಿಲಿಂಡರ್ ಬೇರೆಯೇ ಇರಬೇಕು, ಸಿಲಿಂಡರ್ ಮುಗಿದರೆ ಒಲೆ ಕೆಟ್ಟಿತು ಎಂದು ಯಾರೂ ಹೇಳುವುದಿಲ್ಲ. ಎರಡಕ್ಕೂ ‘ಸೆಲ್’ ಎಂಬ ಹೆಸರು ಅಂಟಿಕೊಂಡಿರುವುದರಿಂದ, ಹೈಡ್ರೋಜನ್ ಕಾರು ಎಂದರೆ ಒಂದು ಹೊಸ ಬಗೆಯ ಬ್ಯಾಟರಿ ಕಾರು ಎಂದೇ ಅನೇಕರು ತಿಳಿದಿದ್ದಾರೆ. ಅಲ್ಲ. ಒಂದು ವಿದ್ಯುತ್ತನ್ನು ಕೂಡಿಡುವ ಸಾಧನ, ಇನ್ನೊಂದು ಇಂಧನದಿಂದ ವಿದ್ಯುತ್ತನ್ನು ತಯಾರಿಸುವ ಯಂತ್ರ.

ಆ ಯಂತ್ರದೊಳಗೆ ನಡೆಯುವುದೇನು ಎಂದು ಮೊದಲು ನೋಡೋಣ.

ಹೈಡ್ರೋಜನ್‌ಗೆ ಆಮ್ಲಜನಕವೆಂದರೆ ಬಹಳ ಸೆಳೆತ. ಎರಡನ್ನೂ ಬೆರೆಸಿ ಒಂದು ಕಿಡಿ ತಾಗಿಸಿದರೆ ಢಮ್ ಎಂದು ಸಿಡಿದು ನೀರಾಗುತ್ತವೆ. ಆ ಗಳಿಗೆಯಲ್ಲಿ ಹೈಡ್ರೋಜನ್ ಪರಮಾಣುಗಳ ಎಲೆಕ್ಟ್ರಾನ್‌ಗಳು ಆಮ್ಲಜನಕದ ಕಡೆಗೆ ವಾಲಿಕೊಳ್ಳುತ್ತವೆ. ಬಿಡುಗಡೆಯಾಗುವ ಶಕ್ತಿಯೆಲ್ಲ ಶಾಖವಾಗಿ, ಸದ್ದಾಗಿ ಚದುರಿಹೋಗುತ್ತದೆ. ಫ್ಯುಯೆಲ್ ಸೆಲ್ಲಿನ ಉಪಾಯ ಇಷ್ಟೇ: ಎರಡನ್ನೂ ನೇರವಾಗಿ ಕೂಡಲು ಬಿಡದೆ ನಡುವೆ ಒಂದು ಪೊರೆಯನ್ನಿಟ್ಟು, ಎಲೆಕ್ಟ್ರಾನ್‌ಗಳು ಸುತ್ತು ಹಾದಿಯಲ್ಲಿ, ತಂತಿಯ ಮೂಲಕ ಬರುವಂತೆ ಮಾಡುವುದು. ತಂತಿಯಲ್ಲಿ ಹರಿಯುವ ಎಲೆಕ್ಟ್ರಾನ್ ಎಂದರೆ ವಿದ್ಯುತ್ತೇ ತಾನೆ. ದಾರಿಯಲ್ಲಿ ಒಂದು ಮೋಟಾರನ್ನೋ ದೀಪವನ್ನೋ ಇಟ್ಟುಕೊಂಡರೆ ನಮ್ಮ ಕೆಲಸ ಆಯಿತು.

ಇಂದಿನ ಕಾರು, ಬಸ್ಸುಗಳಲ್ಲಿ ಬಳಸುವ ಬಗೆಯ ಫ್ಯುಯೆಲ್ ಸೆಲ್ಲಿನಲ್ಲಿ ಈ ಪೊರೆ ಒಂದು ವಿಶೇಷ ಪ್ಲಾಸ್ಟಿಕ್. ತಲೆಗೂದಲಿಗಿಂತ ತೆಳು. ನಾಫಿಯಾನ್ ಎಂಬ ಹೆಸರಿನದು ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಈ ಪೊರೆಯ ಗುಣ ವಿಚಿತ್ರವಾದದ್ದು: ಒದ್ದೆಯಾಗಿದ್ದಾಗ ಪ್ರೋಟಾನ್‌ಗಳನ್ನು ದಾಟಿಸುತ್ತದೆ, ಆದರೆ ಎಲೆಕ್ಟ್ರಾನ್‌ಗಳನ್ನು ದಾಟಿಸುವುದಿಲ್ಲ, ಅನಿಲಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ. ಪೊರೆಯ ಎರಡೂ ಮುಖಕ್ಕೆ ಇಂಗಾಲದ ಪುಡಿಯ ತೆಳು ಲೇಪ, ಆ ಪುಡಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಟಿನಂ ಕಣಗಳು. ಅದರ ಹೊರಗೆ ಅನಿಲ ಸಲೀಸಾಗಿ ನುಸುಳಬಲ್ಲ ಇಂಗಾಲದ ಕಾಗದ. ಅದಕ್ಕೂ ಹೊರಗೆ, ಅನಿಲ ಹರಿಯಲು ಸಣ್ಣ ಕಾಲುವೆಗಳನ್ನು ಕೊರೆದ ಲೋಹದ ಅಥವಾ ಗ್ರಾಫೈಟಿನ ತಟ್ಟೆ. ಒಂದು ಸೆಲ್ ಎಂದರೆ ಇಷ್ಟು. ತಿರುಗುವ ಚಕ್ರವಿಲ್ಲ, ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ.

ಒಂದು ಬದಿಯ ಕಾಲುವೆಯಲ್ಲಿ ಹೈಡ್ರೋಜನ್ ಬರುತ್ತದೆ. ಪ್ಲಾಟಿನಂ ಅದನ್ನು ಹಿಡಿದು ಸೀಳುತ್ತದೆ: ಪ್ರೋಟಾನ್ ಒಂದು ಕಡೆ, ಎಲೆಕ್ಟ್ರಾನ್ ಒಂದು ಕಡೆ. ಪ್ರೋಟಾನ್‌ಗಳು ಪೊರೆಯನ್ನು ಹೊಕ್ಕು ಆಚೆ ದಡಕ್ಕೆ ಹೊರಡುತ್ತವೆ. ಪೊರೆಯಲ್ಲಿ ಪ್ರವೇಶವಿಲ್ಲದ ಎಲೆಕ್ಟ್ರಾನ್‌ಗಳು ತಂತಿ ಹಿಡಿದು, ಮೋಟಾರನ್ನು ತಿರುಗಿಸಿ, ಆಚೆ ಬದಿಗೆ ಬರುತ್ತವೆ. ಅಲ್ಲಿ ಕಾಲುವೆಯಲ್ಲಿ ಗಾಳಿ ಹರಿಯುತ್ತಿರುತ್ತದೆ. ಗಾಳಿಯ ಆಮ್ಲಜನಕ, ಪೊರೆ ದಾಟಿ ಬಂದ ಪ್ರೋಟಾನ್ ಮತ್ತು ತಂತಿ ಸುತ್ತಿ ಬಂದ ಎಲೆಕ್ಟ್ರಾನ್ ಮೂರೂ ಇನ್ನೊಂದು ಪ್ಲಾಟಿನಂ ಕಣದ ಮೇಲೆ ಸೇರಿ ನೀರಾಗುತ್ತವೆ. ಒಂದು ಕಿಲೋ ಹೈಡ್ರೋಜನ್ ಎಂಟು ಕಿಲೋ ಆಮ್ಲಜನಕವನ್ನು ಎಳೆದುಕೊಂಡು ಒಂಬತ್ತು ಕಿಲೋ ನೀರನ್ನು ಕೊಡುತ್ತದೆ.

ಇದರಲ್ಲಿ ಹೈಡ್ರೋಜನ್ ಬದಿಯ ಕೆಲಸ ಸುಲಭ, ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತದೆ. ಕಷ್ಟವಿರುವುದು ಗಾಳಿಯ ಬದಿಯಲ್ಲಿ. ಆಮ್ಲಜನಕದ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ, ಅವನ್ನು ಬಿಡಿಸುವುದು ನಿಧಾನದ ಕೆಲಸ. ಸೆಲ್ಲಿನ ಪ್ಲಾಟಿನಂನಲ್ಲಿ ಬಹುಪಾಲು ಈ ಬದಿಗೇ ಬೇಕಾಗುತ್ತದೆ. ಇಷ್ಟು ಮಾಡಿಯೂ ಶಕ್ತಿ ಹೆಚ್ಚು ಸೋರಿಹೋಗುವುದು ಇಲ್ಲೇ. ಲೆಕ್ಕದ ಪ್ರಕಾರ ಒಂದು ಸೆಲ್ಲಿನಿಂದ 1.23 ವೋಲ್ಟ್ ಸಿಗಬೇಕು. ನಿಜವಾಗಿ ಕೆಲಸ ಮಾಡುವಾಗ ಸಿಗುವುದು 0.6ರಿಂದ 0.7 ವೋಲ್ಟ್. ಉಳಿದದ್ದು ಶಾಖ. ಆದ್ದರಿಂದಲೇ ‘ಉರಿಯಿಲ್ಲದ’ ಈ ಯಂತ್ರಕ್ಕೂ ರೇಡಿಯೇಟರ್ ಬೇಕು, ಅದೂ ದೊಡ್ಡದೇ ಬೇಕು.

ಅರ್ಧ ಚಿಲ್ಲರೆ ವೋಲ್ಟಿನಿಂದ ಕಾರು ಓಡುವುದಿಲ್ಲ. ಹಾಗಾಗಿ ಸೆಲ್‌ಗಳನ್ನು ಒಂದರ ಬೆನ್ನಿಗೊಂದು ಜೋಡಿಸುತ್ತಾರೆ. ಈ ಅಡಕಿಗೆ ‘ಸ್ಟ್ಯಾಕ್’ ಎಂದು ಹೆಸರು. ಅಪೊಲೊದ ಒಂದೊಂದು ಫ್ಯುಯೆಲ್ ಸೆಲ್ಲಿನಲ್ಲೂ ಇಂಥ 31 ಸೆಲ್‌ಗಳಿದ್ದವು. ಟೊಯೊಟಾ ಕಂಪನಿಯ ‘ಮಿರಾಯ್’ ಕಾರಿನ ಈಗಿನ ಮಾದರಿಯಲ್ಲಿ 330 ಇವೆ. ಎಲ್ಲ ಸೇರಿ 128 ಕಿಲೋವಾಟ್ ಕೊಡಬಲ್ಲವು. (ಅಪೊಲೊದಲ್ಲಿ ಪ್ಲಾಸ್ಟಿಕ್ ಪೊರೆಯ ಬದಲು ಬಿಸಿಯಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವಿತ್ತು. ಒಳಗಿನ ಅಯಾನು ಬೇರೆ, ತತ್ತ್ವ ಇದೇ.)

ಈ ವಿದ್ಯೆ ಹೊಸದೇನಲ್ಲ. 1839ರಲ್ಲೇ ವಿಲಿಯಂ ಗ್ರೋವ್ ಎಂಬ ವೇಲ್ಸ್ ನಾಡಿನ ವಕೀಲ ಇದನ್ನು ಕಂಡಿದ್ದ. ವಿಜ್ಞಾನ ಅವನ ಇನ್ನೊಂದು ಕಸುಬು. ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್, ಆಮ್ಲಜನಕಗಳಾಗಿ ಒಡೆಯಬಹುದು ಎಂಬುದು ಆಗಲೇ ಗೊತ್ತಿತ್ತು. ಹಾಗಾದರೆ ಆ ಎರಡು ಅನಿಲಗಳನ್ನು ಮತ್ತೆ ಕೂಡಿಸಿ ವಿದ್ಯುತ್ತನ್ನು ಮರಳಿ ಪಡೆಯಬಹುದೆ? ಆಮ್ಲದ್ರಾವಣದಲ್ಲಿ ಪ್ಲಾಟಿನಂ ಪಟ್ಟಿಗಳನ್ನಿಟ್ಟು ಪಡೆದೇಬಿಟ್ಟ. ಸಿಕ್ಕಿದ್ದು ಸಣ್ಣ ಪ್ರವಾಹ. ಅದು ಉಪಯೋಗಕ್ಕೆ ಬರುವ ಯಂತ್ರವಾಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. 1959ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಬೇಕನ್ 5 ಕಿಲೋವಾಟಿನ ಸ್ಟ್ಯಾಕ್ ಒಂದನ್ನು ಓಡಿಸಿ ತೋರಿಸಿದರು. ಅಪೊಲೊ ಹತ್ತಿದ್ದು ಅವರ ವಿನ್ಯಾಸದ ವಂಶಜವೇ.

ಈಗ ಬ್ಯಾಟರಿಯ ಕಡೆ ತಿರುಗೋಣ. ನಿಮ್ಮ ಮೊಬೈಲಿನಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಯಲ್ಲೂ ಎರಡು ಬದಿಗಳಿವೆ, ನಡುವೆ ಅಯಾನುಗಳನ್ನಷ್ಟೇ ದಾಟಿಸುವ ಪದರವಿದೆ, ಎಲೆಕ್ಟ್ರಾನ್‌ಗಳು ಇಲ್ಲೂ ಹೊರಗಿನ ತಂತಿ ಸುತ್ತಿಯೇ ಬರಬೇಕು. ಇಷ್ಟರವರೆಗೆ ಎರಡೂ ಅಣ್ಣತಮ್ಮಂದಿರು. ವ್ಯತ್ಯಾಸವಿರುವುದು ಬದಿಗಳಲ್ಲಿ ಇರುವುದೇನು ಎಂಬಲ್ಲಿ. ಬ್ಯಾಟರಿಯ ಒಂದು ಬದಿ ಗ್ರಾಫೈಟ್, ಇನ್ನೊಂದು ಬದಿ ಲೋಹದ ಸಂಯುಕ್ತ. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಬಳಸುವಾಗ ಅಲ್ಲಿಂದೆದ್ದು ಇನ್ನೊಂದು ಬದಿಗೆ ಹೋಗುತ್ತವೆ. ಹೊರಗಿನಿಂದ ಒಳಕ್ಕೆ ಏನೂ ಬರುವುದಿಲ್ಲ, ಒಳಗಿನಿಂದ ಹೊರಕ್ಕೆ ಏನೂ ಹೋಗುವುದಿಲ್ಲ. ಶಕ್ತಿಯನ್ನು ಹಿಡಿದಿಡುವ ವಸ್ತುವೂ ಅದೇ, ವಿದ್ಯುತ್ ಕೊಡುವ ವಸ್ತುವೂ ಅದೇ. ಹೊರಗಿನಿಂದ ವಿದ್ಯುತ್ತನ್ನು ತಿರುಗಾ ಹರಿಸಿದರೆ ಅಯಾನುಗಳು ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಅದೇ ರೀಚಾರ್ಜ್.

ಫ್ಯುಯೆಲ್ ಸೆಲ್ಲಿನಲ್ಲಿ ಪ್ಲಾಟಿನಂ, ಇಂಗಾಲ, ಪೊರೆ ಯಾವುದೂ ಖರ್ಚಾಗಬೇಕಾದ ವಸ್ತುವಲ್ಲ. ಖರ್ಚಾಗುವುದು ಟ್ಯಾಂಕಿನಿಂದ ಬರುವ ಹೈಡ್ರೋಜನ್. ಹಾಗಾಗಿ ಅದಕ್ಕೆ ಚಾರ್ಜ್ ಎಂಬ ಮಾತೇ ಇಲ್ಲ; ಅನಿಲ ಬರುವಷ್ಟು ಹೊತ್ತು ನಡೆಯುತ್ತದೆ. ಕಾರಿನ ಫ್ಯುಯೆಲ್ ಸೆಲ್ಲಿಗೆ ಪ್ಲಗ್ ಸಿಕ್ಕಿಸಿದರೆ ಅದು ವಿದ್ಯುತ್ತನ್ನು ನುಂಗಿ ಇಟ್ಟುಕೊಳ್ಳಲಾರದು. ನೀರನ್ನು ಮತ್ತೆ ಹೈಡ್ರೋಜನ್ ಮಾಡಲು ಎಲೆಕ್ಟ್ರೋಲೈಸರ್ ಎಂಬ ಬೇರೆಯೇ ಯಂತ್ರ ಬೇಕು, ಅದು ಬೇರೆ ಊರಿನಲ್ಲೂ ಇರಬಹುದು.

ಅಪೊಲೊ 13ರ ಮುಂದಿನ ನಾಲ್ಕು ದಿನಗಳು ಈ ವ್ಯತ್ಯಾಸವನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ತೋರಿಸುತ್ತವೆ. ಮುಖ್ಯ ನೌಕೆ ಫ್ಯುಯೆಲ್ ಸೆಲ್ ನಂಬಿದ್ದಕ್ಕೆ ಕಾರಣವಿತ್ತು. ಹಲವು ದಿನಗಳ ಪ್ರಯಾಣಕ್ಕೆ ಬೇಕಾದ ವಿದ್ಯುತ್ತನ್ನೆಲ್ಲ ಬ್ಯಾಟರಿಯಲ್ಲಿ ಹೊತ್ತೊಯ್ದರೆ ತೂಕ ವಿಪರೀತವಾಗುತ್ತಿತ್ತು. ಹೈಡ್ರೋಜನ್, ಆಮ್ಲಜನಕಗಳನ್ನು ಅತಿ ತಣ್ಣಗೆ ಟ್ಯಾಂಕಿನಲ್ಲಿ ತುಂಬಿಕೊಂಡರೆ ಬಹಳ ಹಗುರ. ಜೊತೆಗೆ ಫ್ಯುಯೆಲ್ ಸೆಲ್ಲಿನಿಂದ ಹೊರಬರುವ ನೀರು ಶುದ್ಧ, ಗಗನಯಾತ್ರಿಗಳು ಕುಡಿಯುತ್ತಿದ್ದದ್ದು ಅದನ್ನೇ. ಆದರೆ ಚಂದ್ರನ ಮೇಲೆ ಇಳಿಯಬೇಕಿದ್ದ ಪುಟ್ಟ ನೌಕೆಯಲ್ಲಿ ಫ್ಯುಯೆಲ್ ಸೆಲ್ ಇರಲಿಲ್ಲ. ಅದರ ಕೆಲಸ ಒಂದೆರಡು ದಿನದ್ದು. ಅಷ್ಟಕ್ಕೆ ಬೆಳ್ಳಿ–ಸತುವಿನ ಬ್ಯಾಟರಿಗಳು ಸಾಕು ಎಂದು ತೀರ್ಮಾನವಾಗಿತ್ತು.

ಜಿಮ್ ಲೊವೆಲ್, ಜಾಕ್ ಸ್ವಿಗರ್ಟ್, ಫ್ರೆಡ್ ಹೇಸ್ ಮೂವರೂ ಆ ಪುಟ್ಟ ನೌಕೆಗೆ ಸರಿದರು. ಇಬ್ಬರಿಗೆ ಎರಡು ದಿನಕ್ಕೆಂದು ತುಂಬಿದ್ದ ಬ್ಯಾಟರಿ ಈಗ ಮೂವರಿಗೆ ನಾಲ್ಕು ದಿನ ಬಾಳಬೇಕಿತ್ತು. ಬ್ಯಾಟರಿಯ ಸಂಗತಿ ಹೀಗೇ: ಒಳಗೆ ಎಷ್ಟಿದೆಯೋ ಅಷ್ಟು, ಹೆಚ್ಚಿಸುವ ದಾರಿಯಿಲ್ಲ, ಉಳಿಸುವ ದಾರಿ ಮಾತ್ರ ಇದೆ. ಹೀಟರ್, ಕಂಪ್ಯೂಟರ್, ದೀಪ ಎಲ್ಲವನ್ನೂ ಆರಿಸಿ, ಬಳಕೆಯನ್ನು ಮಾಮೂಲಿನ ಐದನೆಯ ಒಂದು ಭಾಗದಷ್ಟಕ್ಕೆ ಇಳಿಸಿದರು. ಫ್ಯುಯೆಲ್ ಸೆಲ್ ನಿಂತದ್ದರಿಂದ ಹೋದದ್ದು ವಿದ್ಯುತ್ ಒಂದೇ ಅಲ್ಲ. ನೀರಿನ ಮೂಲ ಹೋಯಿತು. ಮೂವರೂ ದಿನಕ್ಕೆ ಒಂದು ಲೋಟದಷ್ಟು ಕುಡಿದು ಒಣಗಿದರು. ಬಿಸಿಯ ಮೂಲವೂ ಹೋಗಿ ಒಳಗೆ ಚಳಿ ಫ್ರಿಜ್ಜಿನ ಮಟ್ಟಕ್ಕೆ ಇಳಿಯಿತು.

ಕೊನೆಯ ಹಂತ ನನಗೆ ಅತ್ಯಂತ ಇಷ್ಟವಾದದ್ದು. ಭೂಮಿಯ ವಾತಾವರಣದೊಳಕ್ಕೆ ಇಳಿಯಬೇಕಾದ ಮುಖ್ಯ ಕೋಣೆಯಲ್ಲಿ ಮೂರು ಸಣ್ಣ ಬ್ಯಾಟರಿಗಳಿದ್ದವು. ಸ್ಫೋಟದ ಗದ್ದಲದಲ್ಲಿ ಅವುಗಳಲ್ಲಿ ಒಂದು ಸುಮಾರು ಅರ್ಧ ಖಾಲಿಯಾಗಿತ್ತು. ಅದು ತುಂಬದೆ ಇಳಿಯುವುದು ಅಪಾಯ. ಇವು ರೀಚಾರ್ಜ್ ಆಗುವ ಬಗೆಯವು. ಸಾಮಾನ್ಯವಾಗಿ ಅವನ್ನು ಚಾರ್ಜ್ ಮಾಡುತ್ತಿದ್ದದ್ದು ಫ್ಯುಯೆಲ್ ಸೆಲ್‌ಗಳು. ಅವೇ ಇಲ್ಲವಾದಾಗ, ಎರಡು ನೌಕೆಗಳ ನಡುವಿನ ತಂತಿಯಲ್ಲಿ ವಿದ್ಯುತ್ತನ್ನು ಎಂದೂ ಯೋಚಿಸದ ದಿಕ್ಕಿನಲ್ಲಿ ಹರಿಸಿ, ಪುಟ್ಟ ನೌಕೆಯ ಬ್ಯಾಟರಿಯಿಂದ ಈ ಬ್ಯಾಟರಿಯನ್ನು ತುಂಬಿಸುವ ಕ್ರಮವನ್ನು ನೆಲದ ಮೇಲಿನ ಎಂಜಿನಿಯರ್‌ಗಳು ಬರೆದುಕೊಟ್ಟರು. ಏಪ್ರಿಲ್ 17ರಂದು ಮೂವರೂ ಸಮುದ್ರಕ್ಕಿಳಿದರು. ಒಂದು ಬ್ಯಾಟರಿ ಇನ್ನೊಂದು ಬ್ಯಾಟರಿಗೆ ಶಕ್ತಿ ಕೊಡಬಲ್ಲುದು, ಅದು ಪಡೆಯಬಲ್ಲುದು. ಸತ್ತ ಫ್ಯುಯೆಲ್ ಸೆಲ್ಲಿಗೆ ವಿದ್ಯುತ್ ಕೊಟ್ಟು ಎಬ್ಬಿಸುವ ದಾರಿ ಇರಲಿಲ್ಲ.

ಅಂತರಿಕ್ಷದಲ್ಲಿ ಫ್ಯುಯೆಲ್ ಸೆಲ್ಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ ಸಿ58 ರಾಕೆಟಿನ ಕೊನೆಯ ಹಂತದಲ್ಲಿ ನಮ್ಮ ಇಸ್ರೋ ಪ್ಲಾಸ್ಟಿಕ್ ಪೊರೆಯ ಫ್ಯುಯೆಲ್ ಸೆಲ್ ಒಂದನ್ನು ಇಟ್ಟು ಕಳಿಸಿತು. ಭೂಮಿಯಿಂದ 350 ಕಿ.ಮೀ. ಎತ್ತರದಲ್ಲಿ, ಸಿಲಿಂಡರಿನ ಹೈಡ್ರೋಜನ್ ಮತ್ತು ಆಮ್ಲಜನಕದಿಂದ ಅದು 180 ವಾಟ್ ಕೊಟ್ಟಿತು. ಎರಡು ಮೂರು ಫ್ಯಾನ್ ತಿರುಗಿಸುವಷ್ಟು, ಹೆಚ್ಚಿಲ್ಲ. ಮನುಷ್ಯರನ್ನು ಕಳಿಸುವ ಯೋಜನೆಯುಳ್ಳವರಿಗೆ ವಿದ್ಯುತ್ತಿನ ಜೊತೆ ಕುಡಿಯುವ ನೀರೂ ಕೊಡುವ ಯಂತ್ರದ ಮೇಲೆ ಕಣ್ಣಿರುವುದು ಸಹಜ.

ನೆಲಕ್ಕೆ ಬಂದರೆ ಲೆಕ್ಕ ಬೇರೆಯಾಗುತ್ತದೆ. 2022ರ ಮಾರ್ಚಿನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ದೆಹಲಿಯಲ್ಲಿ ಮಿರಾಯ್ ಕಾರಿನಲ್ಲಿ ಕೂತು ಸಂಸತ್ತಿಗೆ ಹೋದದ್ದು ಸುದ್ದಿಯಾಗಿತ್ತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಪ್ರಾಯೋಗಿಕವಾಗಿ ತಂದ ಕಾರು ಅದು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮಿರಾಯ್‌ನ ಮೂರು ಟ್ಯಾಂಕ್‌ಗಳಲ್ಲಿ ಸೇರಿ 5.6 ಕಿಲೋ ಹೈಡ್ರೋಜನ್ ಹಿಡಿಯುತ್ತದೆ. ಹೈಡ್ರೋಜನ್ ಎಷ್ಟು ಹಗುರವೆಂದರೆ, ಮಾಮೂಲಿ ಒತ್ತಡದಲ್ಲಿ ಇಷ್ಟಕ್ಕೆ ಒಂದು ದೊಡ್ಡ ಕೋಣೆಯೇ ಬೇಕು. ಆದ್ದರಿಂದ ಅದನ್ನು ಗಾಳಿಯ ಒತ್ತಡದ 700 ಪಟ್ಟು ಅದುಮಿ, ಇಂಗಾಲದ ನಾರು ಸುತ್ತಿದ ದಪ್ಪ ಟ್ಯಾಂಕಿನಲ್ಲಿ ತುಂಬುತ್ತಾರೆ. ಆರು ಕಿಲೋ ಕೂಡ ಇಲ್ಲದ ಅನಿಲಕ್ಕೆ ಸುಮಾರು ತೊಂಬತ್ತು ಕಿಲೋ ತೂಕದ ಟ್ಯಾಂಕ್. ಒಂದು ಕಿಲೋ ಹೈಡ್ರೋಜನ್ನಿನಲ್ಲಿ 33 ಯೂನಿಟ್ ಶಕ್ತಿ ಇದೆ. ಫ್ಯುಯೆಲ್ ಸೆಲ್ ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ವಿದ್ಯುತ್ ಮಾಡುತ್ತದೆ ಎಂದುಕೊಂಡರೆ ಪೂರ್ತಿ ಟ್ಯಾಂಕಿನಿಂದ ನಮ್ಮ ಕೈಗೆ ಬರುವುದು ಸುಮಾರು 100 ಯೂನಿಟ್. ಅಮೆರಿಕದ ಸರ್ಕಾರಿ ಪರೀಕ್ಷೆಯ ಪ್ರಕಾರ ಇಷ್ಟರಲ್ಲಿ ಕಾರು ಸುಮಾರು 645 ಕಿ.ಮೀ. ಓಡುತ್ತದೆ. ಟ್ಯಾಂಕ್ ತುಂಬಲು ಐದು ನಿಮಿಷ.

ಇದೇ 100 ಯೂನಿಟ್ಟನ್ನು ಬ್ಯಾಟರಿಯಲ್ಲಿ ಹೊರಬೇಕೆಂದರೆ ಸುಮಾರು 600 ಕಿಲೋ ತೂಕ. ಐದೇ ನಿಮಿಷದಲ್ಲಿ ಚಾರ್ಜ್ ಮಾಡಬೇಕೆಂದರೆ 1,200 ಕಿಲೋವಾಟಿನ ಚಾರ್ಜರ್ ಬೇಕು. ಒಂದು ಕಾರಿಗೆ ಒಂದು ಸಣ್ಣ ಕಾರ್ಖಾನೆಯ ಸಂಪರ್ಕ. ಓಟದ ದೂರ ಇಮ್ಮಡಿಯಾಗಬೇಕೆ? ಬ್ಯಾಟರಿಯಾದರೆ ಇನ್ನೂ 600 ಕಿಲೋ. ಫ್ಯುಯೆಲ್ ಸೆಲ್ಲಿನಲ್ಲಿ ಸ್ಟ್ಯಾಕ್ ಹಾಗೆಯೇ ಇರಲಿ, ಟ್ಯಾಂಕ್ ಮಾತ್ರ ಹೆಚ್ಚಿಸಿದರಾಯಿತು. ಎಷ್ಟು ಬಲ ಬೇಕು ಎಂಬುದನ್ನು ಸ್ಟ್ಯಾಕ್ ನಿರ್ಧರಿಸುತ್ತದೆ, ಎಷ್ಟು ಹೊತ್ತು ಬೇಕು ಎಂಬುದನ್ನು ಟ್ಯಾಂಕ್. ಬ್ಯಾಟರಿಯಲ್ಲಿ ಈ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಬೆಂಗಳೂರಿನಿಂದ ಮುಂಬೈಗೆ ಸರಕು ಹೊರುವ ಲಾರಿಯ ಬಗ್ಗೆ ಯೋಚಿಸುವವರು ಹೈಡ್ರೋಜನ್ನಿನ ಮಾತಾಡುವುದು ಈ ಕಾರಣಕ್ಕೆ.

ಇಷ್ಟಾದರೂ ಮಿರಾಯ್‌ನ ಒಳಗೆ ಒಂದು ಲಿಥಿಯಂ ಬ್ಯಾಟರಿ ಕೂತಿದೆ, ಸಣ್ಣದು, 1.24 ಯೂನಿಟ್ಟಿನದು. ಯಾಕೆಂದರೆ ಫ್ಯುಯೆಲ್ ಸೆಲ್ಲಿಗೆ ಆತುರ ಒಗ್ಗುವುದಿಲ್ಲ. ಕಾಲಡಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಳಿಯ ಪಂಪು ವೇಗ ಹೆಚ್ಚಿಸಬೇಕು, ಸೆಲ್‌ಗಳಿಗೆಲ್ಲ ಅನಿಲ ತಲುಪಬೇಕು. ಆ ಒಂದು ಕ್ಷಣವನ್ನು ಬ್ಯಾಟರಿ ತುಂಬಿಕೊಡುತ್ತದೆ. ಬ್ರೇಕ್ ಹಾಕಿದಾಗ ಮೋಟಾರಿನಿಂದ ಮರಳಿ ಬರುವ ವಿದ್ಯುತ್ತನ್ನು ಹಿಡಿದಿಡುವುದೂ ಬ್ಯಾಟರಿಯೇ, ಫ್ಯುಯೆಲ್ ಸೆಲ್ಲಿಗೆ ಅದು ಆಗದ ಕೆಲಸ.

ಹಾಗಾದರೆ ಫ್ಯುಯೆಲ್ ಸೆಲ್ ಕೆಡುವುದೇ ಇಲ್ಲವೆ? ಕೆಡುತ್ತದೆ, ಬೇರೆ ರೀತಿಯಲ್ಲಿ. ಅದರ ಆರೋಗ್ಯವೆಲ್ಲ ನೀರಿನ ಮೇಲೆ ನಿಂತಿದೆ. ಪೊರೆ ಒಣಗಿದರೆ ಪ್ರೋಟಾನ್ ದಾಟುವುದಿಲ್ಲ, ಬಿರುಕೂ ಬಿಡಬಹುದು. ಹಾಗೆಂದು ನೀರು ಹೆಚ್ಚಾದರೆ ಇಂಗಾಲದ ಕಾಗದದ ರಂಧ್ರಗಳೂ ಕಾಲುವೆಗಳೂ ತುಂಬಿಕೊಂಡು ಅನಿಲಕ್ಕೆ ದಾರಿಯಿಲ್ಲವಾಗುತ್ತದೆ. ಸುಮಾರು 80 ಡಿಗ್ರಿ ಸೆಲ್ಷಿಯಸ್‌ನಲ್ಲಿ, ಪ್ರತಿ ಕ್ಷಣವೂ ನೀರು ಹುಟ್ಟುತ್ತಿರುವ ಜಾಗದಲ್ಲಿ ಈ ಹದ ಕಾಯ್ದುಕೊಳ್ಳುವುದೇ ಎಂಜಿನಿಯರ್‌ಗಳ ದೊಡ್ಡ ತಲೆನೋವು. ಏನೋ ಸರಿಯಿಲ್ಲ ಎಂದು ತಿಳಿಯುವುದು ವೋಲ್ಟೇಜಿನಿಂದ. ನೂರಾರು ಸೆಲ್‌ಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಕೆಳಗಿಳಿದರೆ ಅಲ್ಲಿ ನೀರು ಕಟ್ಟಿಕೊಂಡಿದೆ ಅಥವಾ ಹೈಡ್ರೋಜನ್ ತಲುಪುತ್ತಿಲ್ಲ ಎಂದು ಸಂದೇಹ. ಅನಿಲವನ್ನು ಒಮ್ಮೆ ಜೋರಾಗಿ ಹರಿಸಿ ನೀರನ್ನು ಹೊರತಳ್ಳಿದರೆ ಅನೇಕ ಸಲ ಸರಿಹೋಗುತ್ತದೆ. ಹೈಡ್ರೋಜನ್ ಇಲ್ಲದೆಯೇ ಬಹಳ ಹೊತ್ತು ನಡೆಸಿದರೆ ಮಾತ್ರ ಅಪಾಯ. ಆಗ ಸೆಲ್ ತನ್ನದೇ ಇಂಗಾಲವನ್ನು ತಿನ್ನತೊಡಗುತ್ತದೆ. ಆ ನಷ್ಟ ವಾಪಸು ಬರುವುದಿಲ್ಲ.

ಇನ್ನೊಂದು ಶತ್ರು ಕಾರ್ಬನ್ ಮಾನಾಕ್ಸೈಡ್. ನಮ್ಮ ರಕ್ತವನ್ನು ಕಾಡುವ ಹಾಗೆಯೇ ಇದು ಪ್ಲಾಟಿನಂಗೂ ಅಂಟಿಕೊಂಡು ಕೂರುತ್ತದೆ, ಹೈಡ್ರೋಜನ್‌ಗೆ ಜಾಗ ಬಿಡುವುದಿಲ್ಲ. ಹತ್ತು ಲಕ್ಷದಲ್ಲಿ ಕೆಲವೇ ಭಾಗ ಬೆರೆತಿದ್ದರೂ ಸಾಕು. ಆದ್ದರಿಂದ ಕಾರಿಗೆ ತುಂಬುವ ಹೈಡ್ರೋಜನ್ 99.97 ಭಾಗ ಶುದ್ಧವಾಗಿರಬೇಕೆಂಬ ನಿಯಮವಿದೆ.

ಈ ಶುದ್ಧ ಹೈಡ್ರೋಜನ್ ಬರುವುದಾದರೂ ಎಲ್ಲಿಂದ? ಬ್ಯಾಟರಿಯ ಜೊತೆ ಹೋಲಿಸುವಾಗ ಮುಚ್ಚಿಡುವ ಪುಟ ಇದೇ. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ಪಡೆಯಲು ಸುಮಾರು 55 ಯೂನಿಟ್ ವಿದ್ಯುತ್ ಬೇಕು. ಅದನ್ನು 700 ಪಟ್ಟು ಅದುಮಲು, ತಣ್ಣಗಿಡಲು ಇನ್ನೊಂದು ಐದು ಯೂನಿಟ್. ಒಟ್ಟು 60. ಆ ಒಂದು ಕಿಲೋ ಕಾರಿನ ಫ್ಯುಯೆಲ್ ಸೆಲ್ಲಿನಲ್ಲಿ ಮರಳಿ ಕೊಡುವುದು 17ರಿಂದ 18 ಯೂನಿಟ್. ಅದೇ 60 ಯೂನಿಟ್ಟನ್ನು ನೇರ ಬ್ಯಾಟರಿಗೆ ತುಂಬಿದ್ದರೆ ಚಾರ್ಜರಿನ ನಷ್ಟ ಕಳೆದೂ 50ರ ಆಸುಪಾಸು ಸಿಗುತ್ತಿತ್ತು. ಒಂದೇ ಸೌರಫಲಕದ ವಿದ್ಯುತ್ತಿನಿಂದ ಬ್ಯಾಟರಿ ಕಾರು ಸುಮಾರು ಮೂರು ಪಟ್ಟು ದೂರ ಹೋಗುತ್ತದೆ. ಪ್ಲಾಟಿನಂ ಅಗ್ಗವಾದರೂ ಪೊರೆ ಸುಧಾರಿಸಿದರೂ ಈ ಅಂತರ ಸ್ವಲ್ಪ ಕಿರಿದಾಗಬಹುದು, ಮುಚ್ಚಿಹೋಗದು. ಎರಡು ಸಲ ರೂಪ ಬದಲಿಸುವ ಶಕ್ತಿ ಎರಡು ಸಲವೂ ಸುಂಕ ಕಟ್ಟಲೇಬೇಕು.

ಹೊಗೆಯ ಲೆಕ್ಕವನ್ನೂ ಮಾಡಿಬಿಡೋಣ. ಮಿರಾಯ್‌ನ ಹಿಂದಿನಿಂದ ನೀರು ಮಾತ್ರ ಬೀಳುತ್ತದೆ, ನಿಜ. ಆದರೆ ಇಂದು ಜಗತ್ತಿನ ಹೆಚ್ಚಿನ ಹೈಡ್ರೋಜನ್ ತಯಾರಾಗುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ನೈಸರ್ಗಿಕ ಅನಿಲದಿಂದ ಮಾಡಿದರೆ ಒಂದು ಕಿಲೋಗೆ ಸುಮಾರು ಒಂಬತ್ತು–ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಕಾರ್ಖಾನೆಯಲ್ಲೇ ಹೊರಬೀಳುತ್ತದೆ. ಕಾರು ಒಂದು ಕಿಲೋಗೆ 115 ಕಿ.ಮೀ. ಓಡಿತೆಂದರೆ ಪ್ರತಿ ಕಿಲೋಮೀಟರಿಗೆ 80 ಗ್ರಾಂಗಿಂತ ಹೆಚ್ಚು. ಸಣ್ಣ ಪೆಟ್ರೋಲ್ ಕಾರಿಗಿಂತ ಕಡಿಮೆ, ಆದರೆ ಸೊನ್ನೆಯಂತೂ ಅಲ್ಲ. ಅನಿಲ ಬೇಡ, ನಮ್ಮ ಮಾಮೂಲಿ ಗ್ರಿಡ್ಡಿನ ವಿದ್ಯುತ್ತಿನಿಂದ ನೀರನ್ನು ಒಡೆಯೋಣ ಎಂದರೆ ಇನ್ನೂ ಅನಾಹುತ. ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋದಷ್ಟು ಡೈಆಕ್ಸೈಡ್ ಇದೆ. 60 ಯೂನಿಟ್ಟಿಗೆ 42 ಕಿಲೋ. ಕಿಲೋಮೀಟರಿಗೆ 360 ಗ್ರಾಂ ದಾಟುತ್ತದೆ, ಪೆಟ್ರೋಲ್ ಕಾರೇ ಮೇಲು. ಅದೇ ಗ್ರಿಡ್ಡಿನಿಂದ ಚಾರ್ಜ್ ಮಾಡಿದ ಅಷ್ಟೇ ಗಾತ್ರದ ಬ್ಯಾಟರಿ ಕಾರು 125 ಗ್ರಾಂನ ಹತ್ತಿರ ನಿಲ್ಲುತ್ತದೆ.

ನನ್ನ ಮಟ್ಟಿಗೆ ತೀರ್ಮಾನ ಸ್ಪಷ್ಟ. ರಾತ್ರಿ ಮನೆ ಮುಂದೆ ನಿಂತು ಚಾರ್ಜ್ ಆಗುವ ಸ್ಕೂಟರಿಗೆ, ಊರೊಳಗಿನ ಕಾರಿಗೆ, ನಗರದ ಬಸ್ಸಿಗೆ ಬ್ಯಾಟರಿಯೇ ಸರಿ. ಅಲ್ಲಿ ಹೈಡ್ರೋಜನ್ ತಂದರೆ ವಿದ್ಯುತ್ತಿನ ದುಂದು. ತೂಕ ಹೊರಲಾಗದ, ನಿಂತು ಕಾಯಲಾಗದ, ದಿನಗಟ್ಟಲೆ ಓಡಬೇಕಾದ ಕಡೆ, ಅಂತರಿಕ್ಷದಲ್ಲಿ, ದೂರದ ಲಾರಿಯಲ್ಲಿ, ಹಡಗಿನಲ್ಲಿ, ಫ್ಯುಯೆಲ್ ಸೆಲ್ಲಿನ ಮಾತಿಗೆ ತೂಕವಿದೆ. ಇನ್ನು ಮುಂದೆ ‘ನೀರನ್ನಷ್ಟೇ ಉಗುಳುವ ವಾಹನ’ ಎಂಬ ಸುದ್ದಿಯೋ ಜಾಹೀರಾತೋ ಕಣ್ಣಿಗೆ ಬಿದ್ದರೆ, ಆ ಹೈಡ್ರೋಜನ್ನನ್ನು ಯಾವುದರಿಂದ ಮಾಡಿದ್ದು, ಒಂದು ಕಿಲೋಗೆ ಎಷ್ಟು ಯೂನಿಟ್ ಖರ್ಚಾಯಿತು ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಿ.